ಥೀಸಿಸ್ ರೆಫರೆನ್ಸ್ ಸರಿಮಾಡೋಕೆ ನಂಗೆ 19 ದಿನ ಹಿಡೀತು, ನಿಮಗೆ ಅಷ್ಟು ಹಿಡಿಯೋದು ಬೇಡ

ಥೀಸಿಸ್ ಬೈಂಡ್ ಮಾಡಿಸಿ ಕೊಟ್ಟು ಆಯ್ತು. ಸಮಾಜಶಾಸ್ತ್ರ, ಮಂಡ್ಯ ಕಡೆಯ ಒಂದು ಹಳ್ಳಿಲಿ ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಅದರ ಜೊತೆ ಊರಲ್ಲಿ ಯಾವ ಜಾತಿ ಮಾತು ನಡೀತಿತ್ತು ಈಗ ಯಾವುದು ನಡೆಯುತ್ತೆ ಅನ್ನೋದರ ಮೇಲೆ. ಐದು ವರ್ಷದ ಕೆಲಸ. ಫೀಲ್ಡ್‌ವರ್ಕ್ ಕಷ್ಟ ಆಯ್ತು, ಬರೆಯೋದು ಇನ್ನೂ ಕಷ್ಟ ಆಯ್ತು, ಆದ್ರೆ ನಾನು ಎಣಿಸದೇ ಇದ್ದ ಕಷ್ಟ ಕೊನೆಯ ಹಂತದಲ್ಲಿ ಬಂತು, ರೆಫರೆನ್ಸ್‌ದು. ಅದೇನು ಕೊನೇಲಿ ಎರಡು ದಿನ ಕೂತ್ರೆ ಆಗೋಗತ್ತೆ ಅಂತ ಇಟ್ಕೊಂಡಿದ್ದೆ. 19 ದಿನ ಆಯ್ತು. ನನ್ನ ಜೂನಿಯರ್ಸ್ ಮೂರು ಜನ ಈಗ ಅದೇ ಹಂತಕ್ಕೆ ಬರ್ತಿದಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದುಬಿಡ್ತೀನಿ.

ಶುರುವಾಗಿದ್ದು ಹೀಗೆ. ಸಬ್ಮಿಷನ್‌ಗೆ ಮುಂಚೆ ಫಾರ್ಮ್ಯಾಟ್ ನೋಡೋಕೆ ಒಂದು ಪ್ರತಿ ಕೊಡ್ಬೇಕು ನಮ್ಮಲ್ಲಿ. ಕೊಟ್ಟೆ. ಒಂಬತ್ತು ದಿನ ಸುದ್ದಿ ಇಲ್ಲ, ಹತ್ತನೇ ದಿನ ವಾಪಸ್ ಬಂತು, ಮೇಲೆ ಒಂದು ಚೀಟಿ: ಪಠ್ಯದಲ್ಲಿ ಇದೆ, ಪಟ್ಟಿಯಲ್ಲಿ ಇಲ್ಲ, 31. ಪಟ್ಟಿಯಲ್ಲಿ ಇದೆ, ಪಠ್ಯದಲ್ಲಿ ಇಲ್ಲ, 46. ಅಷ್ಟೇ. ಯಾವ 31, ಯಾವ 46 ಅಂತ ಬರೆದಿರಲಿಲ್ಲ. ನನ್ನ ಪಟ್ಟಿಲಿ ಒಟ್ಟು ಇದ್ದಿದ್ದೇ 212. ಆ ಚೀಟಿ ಹಿಡ್ಕೊಂಡು ಕ್ಯಾಂಟೀನ್ ಹತ್ರ ಕೂತಿದ್ದೆ, ಅಳು ಬರೋ ಹಾಗಾಗಿತ್ತು, ಯಾಕಂದ್ರೆ ನಾನು ಯಾವುದನ್ನೂ ಕದ್ದು ಬರೆದಿರಲಿಲ್ಲ, ಓದಿದ್ದನ್ನೆಲ್ಲಾ ಪಟ್ಟಿಗೆ ಹಾಕಿದ್ದೆ, ಹಾಗಿದ್ರೂ ತಪ್ಪು ಅಂತ ಬಂದಿತ್ತು.

ಗೈಡ್ ಮೇಡಂ ಹತ್ರ ಹೋದೆ. ಅವರು ಚೀಟಿ ನೋಡಿ, "ಓದಿದ್ದನ್ನೆಲ್ಲಾ ಯಾಕಮ್ಮಾ ಹಾಕಿದೀಯ? ಇದು ರೆಫರೆನ್ಸ್ ಲಿಸ್ಟು, ನೀನು ಏನೇನು ಓದಿದೆ ಅನ್ನೋ ಲೆಕ್ಕ ಅಲ್ಲ" ಅಂದ್ರು. ಓದಿದ್ದನ್ನೆಲ್ಲಾ ಹಾಕ್ಬೇಕು ಅಂದ್ರೆ ಅದಕ್ಕೆ ಗ್ರಂಥಸೂಚಿ ಅಂತ ಬೇರೆ ಹೆಸರಿದೆ, ಕೆಲವು ಕಡೆ ಅದನ್ನ ಕೇಳ್ತಾರೆ. ಆದ್ರೆ ನಮ್ಮ ಡಿಪಾರ್ಟ್‌ಮೆಂಟ್ ಎಪಿಎ ಅನ್ನೋ ರೆಫರೆನ್ಸ್ ಶೈಲಿಯ ಏಳನೇ ಆವೃತ್ತಿ ಅಂತ ಹೇಳಿತ್ತು, ಅದರಲ್ಲಿ ಪಠ್ಯದೊಳಗೆ ಹೆಸರು ಬಂದಿರೋದು ಮಾತ್ರ ಪಟ್ಟಿಗೆ. ಆ 46ರಲ್ಲಿ ಹೆಚ್ಚಿನವು ನಾನು ಓದಿ ನೋಟ್ಸ್ ಮಾಡಿ, ಆಮೇಲೆ ಅಧ್ಯಾಯದಿಂದ ಆ ಪ್ಯಾರಾನೇ ಕಿತ್ತುಹಾಕಿದ್ದವು. ಪ್ಯಾರಾ ಹೋಯ್ತು, ಪಟ್ಟಿಲಿ ಹೆಸರು ಉಳೀತು.

ಆಮೇಲೆ ಮೇಡಂ ಒಂದು ಪರೀಕ್ಷೆ ಮಾಡಿದ್ರು, ಇಡೀ 19 ದಿನದಲ್ಲಿ ನಂಗೆ ಅತಿ ಹೆಚ್ಚು ಕಲಿಸಿದ್ದು ಅದೇ. ನನ್ನ ಎರಡನೇ ಅಧ್ಯಾಯ ತೆಗೆದು, ಪ್ರಬಲ ಜಾತಿ ಅನ್ನೋ ಪರಿಕಲ್ಪನೆ ಬಗ್ಗೆ ಬರೆದಿದ್ದ ವಾಕ್ಯದ ಕೊನೇಲಿ ಇದ್ದ ಆವರಣ ತೋರಿಸಿದ್ರು.

```
(Srinivas, 1955, p. 18)
```

"ಇದನ್ನ ಹಿಡ್ಕೊಂಡು ಈಗ ಲೈಬ್ರರಿಗೆ ಹೋಗಿ ಆ ಪುಟ ತಗೊಂಡು ಬಾ, ನಿನ್ನ ಪಟ್ಟಿ ಬಿಟ್ಟು ಬೇರೆ ಏನೂ ನೋಡ್ಬೇಡ" ಅಂದ್ರು. ಪಟ್ಟಿ ನೋಡಿದೆ. ಶ್ರೀನಿವಾಸ್ 1955 ಅಂತ ಒಂದೇ ಇತ್ತು, ಮೈಸೂರಿನ ಹಳ್ಳಿಯೊಂದರ ಸಾಮಾಜಿಕ ರಚನೆ ಬಗ್ಗೆ, ಇಂಡಿಯಾಸ್ ವಿಲೇಜಸ್ ಅನ್ನೋ ಸಂಕಲನದಲ್ಲಿರೋದು. ಹೋಗಿ ತೆಗೆದೆ. ನಾನು ಬರೆದಿದ್ದ ವ್ಯಾಖ್ಯಾನ ನಾನು ಹೇಳಿದ್ದ ಪುಟದಲ್ಲಿ ಇಲ್ಲ.

ಆಗಿದ್ದೇನು ಅಂದ್ರೆ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಎರಡು ಬರಹ 1955ರಲ್ಲೇ, ಎರಡು ಬೇರೆ ಬೇರೆ ಸಂಕಲನದಲ್ಲಿ ಬಂದಿವೆ. ಒಂದರ ಹೆಸರಲ್ಲಿ ಸೋಷಿಯಲ್ ಸ್ಟ್ರಕ್ಚರ್, ಇನ್ನೊಂದರಲ್ಲಿ ಸೋಷಿಯಲ್ ಸಿಸ್ಟಮ್, ಉಳಿದಂತೆ ಎರಡೂ "ಆಫ್ ಎ ಮೈಸೂರ್ ವಿಲೇಜ್". ಎರಡನೇದು ಇರೋದು ಮೆಕಿಮ್ ಮ್ಯಾರಿಯಟ್ ಸಂಪಾದಿಸಿದ ವಿಲೇಜ್ ಇಂಡಿಯಾದಲ್ಲಿ, ವ್ಯಾಖ್ಯಾನ ಇರೋದು ಅಲ್ಲಿ. ಒಂದು ರಾತ್ರಿ ಪಟ್ಟಿ ಕ್ಲೀನ್ ಮಾಡ್ತಾ ಇದೇನು ಒಂದೇ ಎರಡು ಸಲ ಬಂದಿದೆ ಅಂತ ಅಂದ್ಕೊಂಡು ಒಂದನ್ನ ನಾನೇ ಡಿಲೀಟ್ ಮಾಡಿದ್ದೆ. ಅಳಿಸಿದ್ದು ಬೇಕಾಗಿದ್ದನ್ನೇ.

ಲೈಬ್ರರಿಯಿಂದ ಬರಿಗೈಲಿ ಬಂದಾಗ ಮೇಡಂ ಹೇಳಿದ್ದು ಹೀಗೆ. "ಪಠ್ಯದೊಳಗಿನ ಆವರಣ ಈ ಮಾತು ಯಾರದು, ಯಾವ ಪುಟದ್ದು ಅಂತ ಆ ವಾಕ್ಯಕ್ಕೆ ಮಾತ್ರ ಉತ್ತರ ಕೊಡತ್ತೆ. ಅಂಥ ಪುಸ್ತಕ ಲೋಕದಲ್ಲಿ ಎಲ್ಲಿ ಸಿಗತ್ತೆ ಅಂತ ಹೇಳೋದು ಪಟ್ಟಿ. ಎರಡನ್ನೂ ಕಟ್ಟೋದು ಒಂದು ಕೀಲಿ. ನಿನ್ನ ಕೀಲಿ ಬೇರೆ ಬೀಗಕ್ಕೆ ಹೋಗ್ತಿದೆ." ಅದಕ್ಕೇ ಆವರಣದೊಳಗೆ ಪುಸ್ತಕದ ಹೆಸರು, ಪ್ರಕಾಶಕರು, ಊರು ಎಲ್ಲಾ ತುಂಬಲ್ಲ, ಓದೋರು ಎಡವದೇ ವಾಕ್ಯ ಮುಂದೆ ಓದ್ಕೊಂಡು ಹೋಗ್ಬೇಕು. ಪಟ್ಟಿಲೂ ನಾನು ಬಳಸಿದ ಪುಟ ಬರಲ್ಲ, ಯಾಕಂದ್ರೆ ಒಂದೇ ಪುಸ್ತಕದ ಹತ್ತು ಪುಟ ಹತ್ತು ಕಡೆ ಬಳಸಿರ್ತೀವಿ, ಪಟ್ಟಿಗೆ ಆ ಪುಸ್ತಕ ಒಂದೇ ಸಲ ಬರೋದು. ಲೇಖನ ಆದ್ರೆ ಪಟ್ಟಿಲಿ ಪುಟ ಇರತ್ತೆ, ಆದ್ರೆ ಅದು ಇಡೀ ಲೇಖನ ಎಲ್ಲಿಂದ ಎಲ್ಲಿವರೆಗೆ ಅನ್ನೋ ಪುಟ. ಇದು ತುಂಬಾ ಜನ ಗೊಂದಲ ಮಾಡ್ಕೊಳ್ಳೋ ಜಾಗ.

ಎಪಿಎಲಿ ಇದಕ್ಕೆ ದಾರಿ ಸುಲಭ. ಒಬ್ಬರದೇ ಒಂದೇ ವರ್ಷದ ಎರಡು ಬರಹ ಇದ್ರೆ ಶೀರ್ಷಿಕೆಯ ಅಕ್ಷರ ಕ್ರಮದಲ್ಲಿ ಎ, ಬಿ ಹಾಕೋದು. ಸ್ಟ್ರಕ್ಚರ್ ಮೊದಲು ಬರತ್ತೆ, ಅದು 1955a. ಸಿಸ್ಟಮ್ 1955b. ಪಟ್ಟಿಲೂ ಪಠ್ಯದಲ್ಲೂ ಅದೇ ಅಕ್ಷರ ಇರ್ಬೇಕು. ಇನ್ನೊಂದು ಮಾತು, ಸಂಕಲನದಲ್ಲಿರೋ ಅಧ್ಯಾಯ ಬಳಸಿದಾಗ ಆವರಣದಲ್ಲಿ ಅಧ್ಯಾಯ ಬರೆದವರ ಹೆಸರು, ಸಂಪಾದಕರದಲ್ಲ. ನಾನು ಎರಡು ಕಡೆ ಮ್ಯಾರಿಯಟ್ 1955 ಅಂತ ಹಾಕಿದ್ದೆ, ಪುಸ್ತಕದ ಮುಖಪುಟ ನೋಡಿ. ಚೀಟಿಯ 31ರಲ್ಲಿ ಅವೂ ಸೇರಿದ್ದವು.

ವರ್ಷ, ಎ, ಬಿ ಹಾಕೋದು ಬರೀ ನಿಯಮಕ್ಕೆ ಅಂತ ಅಂದ್ಕೋಬೇಡಿ. 1955ರ ಬರಹದಲ್ಲಿ ಪ್ರಬಲ ಜಾತಿ ಅಂದ್ರೆ ಸಂಖ್ಯೆ, ಆರ್ಥಿಕ ಮತ್ತು ರಾಜಕೀಯ ಬಲ, ಊರಿನ ಶ್ರೇಣಿಯಲ್ಲಿ ತೀರಾ ಕೆಳಗಿರದ ಸ್ಥಾನ. 1959ರಲ್ಲಿ ರಾಂಪುರ ಅನ್ನೋ ಹಳ್ಳಿ ಬಗ್ಗೆ ಅಮೆರಿಕನ್ ಆಂಥ್ರಪಾಲಜಿಸ್ಟ್ ಜರ್ನಲ್ಲಿಗೆ ಅವರು ಬರೆದಾಗ ಪಾಶ್ಚಾತ್ಯ ಶಿಕ್ಷಣ, ಸರ್ಕಾರಿ ಕೆಲಸ, ಪಟ್ಟಣದ ಆದಾಯ ಇವೂ ಪ್ರಾಬಲ್ಯದ ಲೆಕ್ಕಕ್ಕೆ ಸೇರಿದವು. ನನ್ನ ಥೀಸಿಸ್‌ನ ವಾದ ನಿಂತಿರೋದೇ ಈ ವ್ಯತ್ಯಾಸದ ಮೇಲೆ. ನಮ್ಮ ಊರಲ್ಲಿ ಜಮೀನು ಕೈಬಿಟ್ಟ ಮೇಲೂ ಮಾತು ನಡೆಸೋರು ಯಾರು ಅಂದ್ರೆ ಮಕ್ಕಳನ್ನ ಬೆಂಗಳೂರಿಗೆ ಕಳಿಸಿದೋರು. ನಾನು ಶಿಕ್ಷಣದ ಮಾತು ಬರೆದು ಪಕ್ಕದಲ್ಲಿ 1955 ಅಂತ ಹಾಕಿದ್ರೆ ಅವರು ನಾಲ್ಕು ವರ್ಷ ಬಿಟ್ಟು ಹೇಳಿದ್ದನ್ನ ಮೊದಲೇ ಹೇಳಿದ್ರು ಅಂತ ಆಗತ್ತೆ. ನನ್ನ ಡ್ರಾಫ್ಟಲ್ಲಿ ಒಂದು ಕಡೆ ಹಾಗೇ ಆಗಿತ್ತು.

ಆ 1959ರ ಲೇಖನದಲ್ಲೇ ಇನ್ನೊಂದು ತಪ್ಪು ಸಿಕ್ತು, ಇದು ನೀವೂ ಮಾಡಿರೋ ಸಾಧ್ಯತೆ ಜಾಸ್ತಿ. ಲೇಖನ ಜರ್ನಲ್ಲಿನ 61ನೇ ಸಂಪುಟದ 1ನೇ ಸಂಚಿಕೆ, ಪುಟ 1ರಿಂದ 16. ಆದ್ರೆ ನಾನು ಓದಿದ್ದು 1987ರಲ್ಲಿ ಬಂದ ಅವರ ಪ್ರಬಂಧ ಸಂಕಲನದಲ್ಲಿ ಮರುಮುದ್ರಣ ಆಗಿರೋದನ್ನ. ಪಟ್ಟಿಗೆ ಮಾತ್ರ ಇನ್ಯಾರದೋ ಥೀಸಿಸ್‌ನಿಂದ 1959ರ ವಿವರ ಎತ್ತಿ ಹಾಕಿದ್ದೆ. ಹಾಗಾಗಿ ಪಟ್ಟಿ 16ನೇ ಪುಟಕ್ಕೆ ಮುಗಿಯತ್ತೆ ಅನ್ನತ್ತೆ, ಆವರಣದಲ್ಲಿ ನಾನು ಕೊಟ್ಟಿರೋ ಪುಟ ಅದಕ್ಕಿಂತ ಎಷ್ಟೋ ಮುಂದಿದೆ. ಪರೀಕ್ಷಕರಿಗೆ ಇದು ಕಂಡ್ರೆ ಇವಳು ಮೂಲ ನೋಡಿಲ್ಲ ಅಂತ ಒಂದೇ ಸಲಕ್ಕೆ ಗೊತ್ತಾಗತ್ತೆ. ಪತ್ತೆ ಹಚ್ಚೋ ವಿಧಾನ ಇದೇ: ಆವರಣದ ಪುಟ ಪಟ್ಟಿಯ ಪುಟಗಳ ಒಳಗೆ ಬೀಳ್ತಿದೆಯಾ ಅಂತ ಪ್ರತಿ ಲೇಖನಕ್ಕೂ ನೋಡ್ಕೊಳ್ಳಿ. ಸರಿ ಮಾಡೋಕೆ ಎರಡು ದಾರಿ. ಒಂದು, ಮೂಲ ಲೇಖನ ತೆಗೆದು ಅದರ ಪುಟ ಹಾಕೋದು. ಎರಡು, ಓದಿದ ಮರುಮುದ್ರಣವನ್ನೇ ಪಟ್ಟಿಗೆ ಹಾಕಿ ಆವರಣದಲ್ಲಿ 1959/1987 ಅಂತ ಎರಡೂ ವರ್ಷ ಕೊಡೋದು. ನಮ್ಮ ಲೈಬ್ರರಿಲಿ ಹಳೇ ಜರ್ನಲ್ ಸಿಗೋ ಜೆಸ್ಟೋರ್ ಇತ್ತು, ಮೂಲ ತೆಗೆದು ಆರು ಕಡೆ ಪುಟ ಬದಲಿಸಿದೆ. ಅರ್ಧ ದಿನ ಹೋಯ್ತು.

ಈಗ ಆ 31 ಮತ್ತು 46 ಹುಡುಕಿದ್ದು ಹೇಗೆ ಅಂತ ಹೇಳ್ತೀನಿ. ಥೀಸಿಸ್ 286 ಪುಟ ಪ್ರಿಂಟ್ ತೆಗೆಸಿದೆ, ಪುಟಕ್ಕೆ ಎರಡು ರೂಪಾಯಿ, 572. ದುಡ್ಡು ದಂಡ ಅನ್ಸಿತ್ತು ಆದ್ರೆ ಸ್ಕ್ರೀನ್ ಮೇಲೆ ನಾನು ಎರಡು ದಿನ ಪ್ರಯತ್ನ ಪಟ್ಟು ಬಿಟ್ಟಿದ್ದೆ, ಕಣ್ಣು ಆವರಣಗಳನ್ನ ದಾಟಿ ಹೋಗ್ಬಿಡತ್ತೆ. ಪ್ರತಿ ಆವರಣಕ್ಕೂ ಹಳದಿ ಹೈಲೈಟರ್. ಆಮೇಲೆ ಎಕ್ಸೆಲ್ಲಲ್ಲಿ ಒಂದು ಕಾಲಮ್ಮಿಗೆ ಪಠ್ಯದಲ್ಲಿ ಸಿಕ್ಕ ಹೆಸರು ಮತ್ತು ವರ್ಷ, ಪಕ್ಕದಲ್ಲಿ ಪುಟ ಸಂಖ್ಯೆ, ಇನ್ನೊಂದು ಕಾಲಮ್ಮಿಗೆ ಪಟ್ಟಿಯ ಹೆಸರು ಮತ್ತು ವರ್ಷ. ಎರಡನ್ನೂ ಅಕಾರಾದಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿದ್ರೆ ಎಲ್ಲಿ ಜೋಡಿ ಇಲ್ಲವೋ ಅಲ್ಲಿ ಎದ್ದು ಕಾಣತ್ತೆ. ತಮ್ಮ ಒಂದು ಭಾನುವಾರ ಪೂರ್ತಿ ಕೂತು ಹೆಸರು ಓದಿದ, ನಾನು ಟಿಕ್ ಹಾಕಿದೆ.

ಜೋಡಿ ಇಲ್ಲದೇ ಇದ್ದಿದ್ದರಲ್ಲಿ ಅರ್ಧಕ್ಕರ್ಧ ನಿಜವಾಗಿ ಬಿಟ್ಟುಹೋಗಿದ್ದೇ ಅಲ್ಲ, ಹೆಸರಿನ ಗೊಂದಲ. ನಮ್ಮ ಕಡೆ ಹೆಸರುಗಳಿಗೆ ಸರ್‌ನೇಮ್ ಅನ್ನೋದೇ ಬಹಳ ಜನಕ್ಕೆ ಇಲ್ಲ. ಎಂ.ಎನ್. ಅಂದ್ರೆ ಮೈಸೂರು ನರಸಿಂಹಾಚಾರ್, ಊರು ಮತ್ತು ತಂದೆ ಹೆಸರು, ಅವರ ಹೆಸರು ಶ್ರೀನಿವಾಸ್ ಅಷ್ಟೇ, ಅದೇ ಕೊನೇಲಿ ಇರೋದರಿಂದ ಎಪಿಎಲಿ ಸರ್‌ನೇಮ್ ಜಾಗಕ್ಕೆ ಹೋಗಿ ಕೂರತ್ತೆ, ತೊಂದರೆ ಇಲ್ಲ. ತೊಂದರೆ ಬರೋದು ಹೆಸರು ಮೊದಲು, ಇನಿಷಿಯಲ್ ಆಮೇಲೆ ಬರ್ಕೊಳ್ಳೋರದು. ರೆಫರೆನ್ಸ್ ಜೋಡಿಸಿಕೊಡೋ ಝೋಟೆರೊ ಸಾಫ್ಟ್‌ವೇರನ್ನ ನಾನು ಅರ್ಧಕ್ಕೆ ಶುರು ಮಾಡಿದ್ದೆ, ಅದು ಕೊನೆಯ ಅಕ್ಷರವನ್ನೇ ಸರ್‌ನೇಮ್ ಅಂತ ತಗೊಂಡು ಒಬ್ಬ ಸಂಶೋಧಕಿಯನ್ನ ಪಠ್ಯದಲ್ಲಿ ಹೀಗೆ ಮಾಡಿತ್ತು.

```
(K, 2014)
```

ಪಟ್ಟಿಲಿ ನಾನು ಕೈಯಲ್ಲಿ ಟೈಪ್ ಮಾಡಿದಾಗ ಅವರ ನಿಜವಾದ ಹೆಸರು ಮುಂದೆ ಇತ್ತು. ಹಾಗಾಗಿ ಒಬ್ಬರೇ ಎರಡೂ ಲೆಕ್ಕದಲ್ಲಿ ಬಂದ್ರು, 31ರಲ್ಲೂ 46ರಲ್ಲೂ. ಝೋಟೆರೊದಲ್ಲಿ ಒಳಗೆ ಹೋಗಿ ಹೆಸರನ್ನ ಸರ್‌ನೇಮ್ ಬಾಕ್ಸಿಗೂ ಇನಿಷಿಯಲ್ಲನ್ನ ಇನ್ನೊಂದು ಬಾಕ್ಸಿಗೂ ನೀವೇ ಅದಲು ಬದಲು ಮಾಡ್ಬೇಕು. ಲೇಖಕರು ತಮ್ಮ ಬೇರೆ ಲೇಖನಗಳಲ್ಲಿ ಹೆಸರು ಹೇಗೆ ಕೊಟ್ಟಿದಾರೆ ನೋಡಿ ಎಲ್ಲಾ ಕಡೆ ಅದನ್ನೇ ಇಡಿ, ಒಂದು ಕಡೆ ಒಂದು ರೀತಿ ಆದ್ರೆ ಕೀಲಿ ಮುರೀತು ಅಂತಲೇ ಅರ್ಥ. ಕನ್ನಡ ಪುಸ್ತಕಗಳ ಕಥೆ ಇನ್ನೊಂದು. ನನ್ನ ಹಳೇ ನೋಟ್ಸ್ ನುಡಿ ಫಾಂಟಲ್ಲಿ ಇತ್ತು, ಯೂನಿಕೋಡ್ ಅಲ್ಲ, ಝೋಟೆರೊಗೆ ಹಾಕಿದ ತಕ್ಷಣ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಆಯ್ತು. 27 ಕನ್ನಡ ಪುಸ್ತಕ ಕೈಯಲ್ಲೇ ಮತ್ತೆ ಹಾಕಿದೆ, ಇಂಗ್ಲಿಷ್ ಥೀಸಿಸ್ ಆದ್ದರಿಂದ ಹೆಸರನ್ನ ರೋಮನ್ ಲಿಪಿಲಿ, ಪಕ್ಕದಲ್ಲಿ ಚೌಕ ಆವರಣದೊಳಗೆ ಅದರ ಇಂಗ್ಲಿಷ್ ಅರ್ಥ.

ಇನ್ನು ಕೆಲವು ಪಟ್ಟಿಗೆ ಹೋಗಲೇಬಾರದವು. ನಾನು ಊರಲ್ಲಿ 34 ಜನರ ಹತ್ರ ಸಂದರ್ಶನ ಮಾಡಿದ್ದೆ. ಚೀಟಿ ನೋಡಿ ಅವರನ್ನೂ ಪಟ್ಟಿಗೆ ಹಾಕೋಕೆ ಕೂತಿದ್ದೆ, ಪುಣ್ಯಕ್ಕೆ ಮೇಡಂ ತಡೆದ್ರು. ಎಪಿಎಲಿ ಸಂಶೋಧನೆಗೆ ಮಾಹಿತಿ ಕೊಟ್ಟೋರ ಮಾತು ನಮ್ಮ ದತ್ತಾಂಶ, ಅದು ಪ್ರಕಟವಾದ ಆಕರ ಅಲ್ಲ, ಅವರ ಮಾತನ್ನ ಪಠ್ಯದಲ್ಲಿ ಗುಪ್ತ ಹೆಸರಲ್ಲಿ ಹೇಳಿದ್ರೆ ಸಾಕು. ಒಬ್ಬ ನಿವೃತ್ತ ಅಧಿಕಾರಿ ಜೊತೆ ಫೋನಲ್ಲಿ ಮಾತಾಡಿ ಭೂ ಸುಧಾರಣೆ ಕಾಲದ ಒಂದು ವಿಷಯ ಕೇಳಿದ್ದೆ, ಅವರು ನನ್ನ ಸಂಶೋಧನೆಯ 34ರಲ್ಲಿ ಇಲ್ಲ, ಅದಕ್ಕೆ ಆವರಣದಲ್ಲಿ ವೈಯಕ್ತಿಕ ಸಂವಹನ ಅಂತ ದಿನಾಂಕ ಸಮೇತ ಬರತ್ತೆ, ಪಟ್ಟಿಗೆ ಆಗಲೂ ಹೋಗಲ್ಲ. ಕಾರಣ ನೇರ ಇದೆ. ಓದುಗರು ಹೋಗಿ ತೆಗೆದು ನೋಡೋಕೆ ಆಗಲಿ ಅಂತ ಇರೋದು ಪಟ್ಟಿ, ನನ್ನ ಫೋನ್ ಮಾತನ್ನ ಯಾರು ತೆಗೆದು ನೋಡ್ತಾರೆ?

ಹೀಗೆ 19ನೇ ದಿನ ಎರಡೂ ಕಾಲಮ್ ಜೋಡಿ ಆಯ್ತು, ಮತ್ತೆ ಕೊಟ್ಟೆ, ಆರು ದಿನಕ್ಕೆ ಓಕೆ ಆಯ್ತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅವರಿಗೆ ಏನು ಅಂತ ಅರ್ಥ ಆಗದಿದ್ರೂ "ಮುಗೀತಲ್ಲ, ಹೊಟ್ಟೆ ತುಂಬಾ ಊಟ ಮಾಡಿ ಮಲ್ಕೋ" ಅಂದ್ರು.

ಆದ್ರೆ ಮುಗಿದಿರಲಿಲ್ಲ. ಬೈಂಡಿಂಗ್ ಹಂತದಲ್ಲೇ ಥೀಸಿಸ್‌ನ ಎರಡನೇ ಅಧ್ಯಾಯವನ್ನ ಸಣ್ಣದು ಮಾಡಿ ಸಾಹಿತ್ಯದವರು ತರ್ತಿದ್ದ ಒಂದು ಸಂಕಲನಕ್ಕೆ ಕೊಡೋ ಅವಕಾಶ ಬಂತು, ಅವರಿಗೆ ಎಂಎಲ್ಎ ಅನ್ನೋ ರೆಫರೆನ್ಸ್ ಶೈಲಿ ಬೇಕು. ಅದೇ ಸಮಯಕ್ಕೆ ಸಮುದಾಯ ವೈದ್ಯಕೀಯದಲ್ಲಿರೋ ಸ್ನೇಹಿತೆ ಜೊತೆ ಸೇರಿ ಆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಯಾರು ಬರ್ತಾರೆ ಯಾರು ಬರಲ್ಲ ಅಂತ ಒಂದು ಲೇಖನ ಬರೆದ್ವಿ, ಆ ಜರ್ನಲ್ಲಿಗೆ ವ್ಯಾಂಕೂವರ್ ಶೈಲಿ ಬೇಕು. ಅಲ್ಪವಿರಾಮ ಎಲ್ಲಿ, ಚುಕ್ಕಿ ಎಲ್ಲಿ ಅಂತ ಮತ್ತೆ ಹೊಸದಾಗಿ ಬಾಯಿಪಾಠ ಮಾಡ್ಬೇಕು ಅಂತ ತಲೆ ಮೇಲೆ ಕೈ ಇಟ್ಕೊಂಡೆ. ಮಾಡ್ತಾ ಮಾಡ್ತಾ ಗೊತ್ತಾಯ್ತು, ಬಾಯಿಪಾಠ ಬೇಕಿಲ್ಲ, ಆ ಶೈಲಿಯ ಕೀಲಿ ಯಾವುದು ಅಂತ ಗೊತ್ತಾದ್ರೆ ಮಿಕ್ಕಿದ್ದು ತಾನೇ ಅರ್ಥ ಆಗತ್ತೆ. ಆ 1959ರ ಲೇಖನವನ್ನೇ ಇಟ್ಕೊಂಡು ತೋರಿಸ್ತೀನಿ. ಎಪಿಎಲಿ ಪಠ್ಯದೊಳಗೆ ಮತ್ತು ಪಟ್ಟಿಲಿ ಹೀಗಿತ್ತು:

```
(Srinivas, 1959, p. 1)

Srinivas, M. N. (1959). The dominant caste in Rampura.
American Anthropologist, 61(1), 1–16.
```

ಆವರಣದ ಕೀಲಿ ಹೆಸರು ಮತ್ತು ವರ್ಷ. ಅದಕ್ಕೇ ಪಟ್ಟಿಲಿ ವರ್ಷ ಹೆಸರಿನ ಪಕ್ಕದಲ್ಲೇ ಬಂದು ಕೂತಿದೆ, ಹುಡುಕೋರು ಬೆರಳಿಟ್ಟು ಕೆಳಗೆ ಬರ್ತಾ ಹೆಸರು, ವರ್ಷ ಎರಡೇ ನೋಡಿದ್ರೆ ಸಾಕು. ಸಮಾಜ ವಿಜ್ಞಾನ, ಮನೋವಿಜ್ಞಾನದಲ್ಲಿ ಯಾವಾಗ ಹೇಳಿದ್ದು ಅನ್ನೋದು ಮುಖ್ಯ, ನನ್ನ 1955 ಮತ್ತು 1959ರ ಜಗಳ ನೋಡಿದ್ರಲ್ಲ. ಈಗ ಎಂಎಲ್ಎ:

```
(Srinivas 1)

Srinivas, M. N. "The Dominant Caste in Rampura."
American Anthropologist, vol. 61, no. 1, 1959, pp. 1-16.
```

ಇಲ್ಲಿ ಕೀಲಿ ಹೆಸರು ಮಾತ್ರ, ಪಕ್ಕದಲ್ಲಿರೋ 1 ಪುಟ. ಮಧ್ಯೆ ಅಲ್ಪವಿರಾಮ ಕೂಡ ಇಲ್ಲ. ಸಾಹಿತ್ಯದಲ್ಲಿ ಪಠ್ಯವನ್ನ ಹತ್ತಿರದಿಂದ ಓದ್ತಾರೆ, ಯಾವ ಪುಟದ ಯಾವ ಸಾಲು ಅನ್ನೋದು ಮೊದಲು. ವರ್ಷ ಕೀಲಿಲಿ ಇಲ್ಲದ ಕಾರಣ ಪಟ್ಟಿಲೂ ಹಿಂದಕ್ಕೆ ಸರಿದು ಪುಟಗಳ ಪಕ್ಕ ಹೋಗಿದೆ. ಮಾಹಿತಿ ಒಂದೂ ಕಳೆದಿಲ್ಲ, ಜಾಗ ಬದಲಾಗಿದೆ ಅಷ್ಟೇ. ಆದ್ರೆ ನಂಗೆ ದೊಡ್ಡ ಪೆಟ್ಟು ಬಿದ್ದಿದ್ದು ಇಲ್ಲೇ. ಆ ಅಧ್ಯಾಯದಲ್ಲಿ ಶ್ರೀನಿವಾಸ್ ಅವರ ಮೂರು ಬರಹ ಇತ್ತು, ಎಲ್ಲದಕ್ಕೂ ಬರೀ ಹೆಸರು ಮತ್ತು ಪುಟ ಬಂದ್ರೆ ಯಾವುದು ಅಂತ ಗೊತ್ತಾಗೋದು ಹೇಗೆ? ಎ, ಬಿ ಇಲ್ಲಿ ಇಲ್ಲ. ಎಂಎಲ್ಎ ಆಗ ಶೀರ್ಷಿಕೆಯನ್ನ ಮೊಟಕು ಮಾಡಿ ಸೇರಿಸು ಅನ್ನತ್ತೆ.

```
(Srinivas, "Dominant Caste" 1)
(Srinivas, "Social System" 18)
```

ಇದಕ್ಕಿಂತ ದೊಡ್ಡ ಕೆಲಸ ವಾಕ್ಯಗಳದ್ದು. ಎಪಿಎಲಿ ವರ್ಷ ಆವರಣದಲ್ಲಿ ಇರ್ತಿದ್ದರಿಂದ ಮೊದಲು ಹೀಗಂದ್ರು ಆಮೇಲೆ ಹೀಗಂದ್ರು ಅಂತ ನಾನು ಬಾಯಿಬಿಟ್ಟು ಬರೆದಿರಲಿಲ್ಲ, ವರ್ಷಾನೇ ಹೇಳ್ತಿತ್ತು. ಎಂಎಲ್ಎಗೆ ತಂದ ತಕ್ಷಣ ವರ್ಷ ಮಾಯ, ವಾದವೂ ಮಾಯ. ಹಾಗಾಗಿ "1955ರಲ್ಲಿ", "ನಾಲ್ಕು ವರ್ಷದ ನಂತರ" ಅಂತ ಹನ್ನೊಂದು ಕಡೆ ವಾಕ್ಯದೊಳಗೇ ಸೇರಿಸಿದೆ. ಸಾಫ್ಟ್‌ವೇರ್ ಶೈಲಿ ಬದಲಿಸಿಕೊಡತ್ತೆ, ಈ ಕೆಲಸ ಮಾಡ್ಕೊಡಲ್ಲ, ದಯವಿಟ್ಟು ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ಮತ್ತೆ ಎಪಿಎಲಿ ಪಟ್ಟಿಯಿಂದ ಹೊರಗಿಟ್ಟಿದ್ದ ಆ ನಿವೃತ್ತ ಅಧಿಕಾರಿಯ ಫೋನ್ ಮಾತು ಎಂಎಲ್ಎಲಿ ಪಟ್ಟಿಗೆ ಬಂತು, ವೈಯಕ್ತಿಕ ಸಂದರ್ಶನವನ್ನ ಅವರು ಆಕರ ಅಂತಲೇ ಹಾಕ್ತಾರೆ. ಅವರ ಹೆಸರು ಹಾಕೋಕೆ ಮತ್ತೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ.

ಶೀರ್ಷಿಕೆಯ ದೊಡ್ಡ ಅಕ್ಷರಗಳನ್ನೂ ನೋಡಿ. ಎಪಿಎ ಲೇಖನದ ಹೆಸರಲ್ಲಿ ಮೊದಲ ಪದ ಮತ್ತು ಅಂಕಿತನಾಮ ಬಿಟ್ಟು ಎಲ್ಲಾ ಸಣ್ಣಕ್ಷರ, ಎಂಎಲ್ಎಲಿ ಮುಖ್ಯ ಪದಗಳೆಲ್ಲಾ ದೊಡ್ಡಕ್ಷರ. ಝೋಟೆರೊದಲ್ಲಿ ಹೆಸರುಗಳನ್ನ ಎಪಿಎ ರೀತಿ ಸಣ್ಣಕ್ಷರದಲ್ಲೇ ಇಟ್ಕೊಳ್ಳಿ, ಸಣ್ಣದನ್ನ ದೊಡ್ಡದು ಮಾಡೋಕೆ ಅದಕ್ಕೆ ಬರತ್ತೆ, ದೊಡ್ಡದನ್ನ ಸಣ್ಣದು ಮಾಡೋವಾಗ ರಾಂಪುರ ಊರ ಹೆಸರು ಅಂತ ಅದಕ್ಕೆ ಗೊತ್ತಾಗಲ್ಲ.

ಕೊನೇದು ವ್ಯಾಂಕೂವರ್.

```
(7)

7. Srinivas MN. The dominant caste in Rampura.
Am Anthropol. 1959;61(1):1-16.
```

ಕೀಲಿ ಒಂದು ಅಂಕಿ. ಲೇಖನದಲ್ಲಿ ಮೊದಲ ಸಲ ಯಾವ ಕ್ರಮದಲ್ಲಿ ಬಂತೋ ಅದೇ ಅದರ ಸಂಖ್ಯೆ, ಆಮೇಲೆ ಎಷ್ಟು ಸಲ ಬಂದ್ರೂ ಅದೇ 7. ಅದಕ್ಕೇ ಪಟ್ಟಿ ಅಕಾರಾದಿ ಅಲ್ಲ, ಅಂಕಿಯ ಕ್ರಮ. ಹೆಸರಿನ ಚುಕ್ಕಿ ಹೋಯ್ತು, ಜರ್ನಲ್ ಹೆಸರು ಮೊಟಕಾಯ್ತು, ವೈದ್ಯಕೀಯ ಲೇಖನದಲ್ಲಿ ಒಂದೇ ವಾಕ್ಯಕ್ಕೆ ಐದಾರು ಆಕರ ಇರ್ತವೆ, ಅಷ್ಟೂ ಹೆಸರು ವರ್ಷ ಹಾಕಿದ್ರೆ ವಾಕ್ಯವೇ ಕಾಣಲ್ಲ. ಪುಟ ಸಾಮಾನ್ಯವಾಗಿ ಕೊಡಲ್ಲ. ಓದೋರಿಗೆ ಅದು ಯಾರ ಮಾತು, ಎಷ್ಟು ಹಳೇದು ಅಂತ ಪಟ್ಟಿ ತಿರುವೋವರೆಗೂ ಗೊತ್ತಾಗಲ್ಲ, ಸಮಾಜಶಾಸ್ತ್ರದಿಂದ ಹೋದ ನಂಗೆ ಇದು ಬಹಳ ದಿನ ಒಗ್ಗಲಿಲ್ಲ.

ಇಲ್ಲಿ ಆದ ಅನಾಹುತ ಹೇಳ್ಬೇಕು. ಸ್ನೇಹಿತೆ ಅಂಕಿಗಳನ್ನ ಕೈಯಲ್ಲೇ ಟೈಪ್ ಮಾಡಿದ್ದಳು, ನಾನೂ ಬಿಟ್ಟೆ. ವಿಮರ್ಶಕರು ಪೀಠಿಕೆಲಿ ಇನ್ನೊಂದು ಆಕರ ಸೇರಿಸಿ ಅಂದ್ರು. ಸೇರಿಸಿದ್ವಿ, ಅದು 3 ಆಯ್ತು, ಹಳೇ 3 ನಾಲ್ಕಾಗ್ಬೇಕು, ಹೀಗೆ ಕೊನೆಯ 41ರವರೆಗೂ ಸರೀಬೇಕು. ಪಟ್ಟಿಲಿ ಸರೀತು, ಪಠ್ಯದಲ್ಲಿ ಅರ್ಧ ಸರೀತು ಅರ್ಧ ಉಳೀತು. ಹೆಸರಿನ ಶೈಲಿಲಿ ತಪ್ಪಾದ್ರೆ ಕಣ್ಣಿಗೆ ಬೀಳತ್ತೆ, ಅಂಕಿಲಿ ಬೀಳಲ್ಲ, ಎಲ್ಲಾ ಅಂಕಿನೂ ಸರಿಯಾಗೇ ಕಾಣತ್ತೆ. ಗೊತ್ತಾಗಿದ್ದು ಗರ್ಭಿಣಿಯರ ರಕ್ತಹೀನತೆ ಬಗೆಗಿನ ವಾಕ್ಯದ ಅಂಕಿ ಹಿಡಿದು ಪಟ್ಟಿಗೆ ಹೋದ್ರೆ ಅಲ್ಲಿ ಪ್ರಬಲ ಜಾತಿ ಲೇಖನ ಇದ್ದಾಗ. ಅಂಕಿ ಶೈಲಿಲಿ ಪರೀಕ್ಷೆ ಇದೊಂದೇ: ಮಧ್ಯದಿಂದ ಮತ್ತು ಕೊನೆಯಿಂದ ಒಂದೈದು ಅಂಕಿ ಎತ್ಕೊಂಡು, ಆ ವಾಕ್ಯದ ವಿಷಯಕ್ಕೂ ಪಟ್ಟಿಯ ಶೀರ್ಷಿಕೆಗೂ ಸಂಬಂಧ ಇದೆಯಾ ನೋಡೋದು. ಒಂದು ತಪ್ಪಿದ್ರೂ ಎಲ್ಲಾ ನೋಡ್ಬೇಕು. ನಾವು ಕೊನೆಗೆ 41ನ್ನೂ ಝೋಟೆರೊಗೆ ಹಾಕಿ ಮತ್ತೆ ಮಾಡಿದ್ವಿ, ಎರಡು ರಾತ್ರಿ.

ಇನ್ನೊಂದು ಎಚ್ಚರಿಕೆ, ಡಿಟಿಪಿ ಅಂಗಡಿಗೆ ಕೊಡೋರಿಗೆ. ನಾನು ಅಲೈನ್‌ಮೆಂಟ್ ಮಾಡೋಕೆ 1,800 ರೂಪಾಯಿ ಕೊಟ್ಟು ಫೈಲ್ ಕೊಟ್ಟಿದ್ದೆ, ಅವರು ಹೊಸ ಫೈಲಿಗೆ ಬರೀ ಅಕ್ಷರ ಮಾತ್ರ ಪೇಸ್ಟ್ ಮಾಡಿದ್ರು, ಝೋಟೆರೊ ಕೊಂಡಿ ಅಷ್ಟೂ ಸತ್ತು ಸಾದಾ ಅಕ್ಷರ ಆಯ್ತು. ಅವರಿಗೆ ಅದು ಗೊತ್ತಿರೋಕೆ ಸಾಧ್ಯ ಇಲ್ಲ, ಹೇಳ್ಬೇಕಾಗಿದ್ದು ನಾನು. ಆವರಣದ ಮೇಲೆ ಕ್ಲಿಕ್ ಮಾಡಿದಾಗ ಅಷ್ಟೂ ಒಟ್ಟಿಗೆ ಬೂದು ಬಣ್ಣ ಆದ್ರೆ ಕೊಂಡಿ ಜೀವಂತ ಇದೆ, ಕರ್ಸರ್ ಮಾತ್ರ ಹೋಗಿ ನಿಂತ್ರೆ ಇಲ್ಲ. ಕೊಂಡಿ ಇರೋ ಪ್ರತಿ ಒಂದನ್ನ ಬೇರೆ ಹೆಸರಲ್ಲಿ ಮೇಲ್ ಮಾಡಿಟ್ಕೊಂಡಿದ್ದೆ, ಅದೊಂದೇ ನನ್ನನ್ನ ಉಳಿಸಿದ್ದು.

ವೈವಾ ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ಒಬ್ಬ ಇತಿಹಾಸದ ಪ್ರೊಫೆಸರು ಕೇಳಿರೋ ಲೇಖನ ಇದೆ, ಅವರಿಗೆ ಶಿಕಾಗೊ ಶೈಲಿಯ ಅಡಿಟಿಪ್ಪಣಿ ಬೇಕಂತೆ. ಅಲ್ಲಿ ಪಠ್ಯದಲ್ಲಿ ಮೇಲಕ್ಕೆ ಒಂದು ಸಣ್ಣ ಅಂಕಿ, ಅದೇ ಪುಟದ ಕೆಳಗೆ ಟಿಪ್ಪಣಿಲಿ ಎಂ.ಎನ್. ಮೊದಲು ಶ್ರೀನಿವಾಸ್ ಆಮೇಲೆ, ಕೊನೆಯ ಗ್ರಂಥಸೂಚಿಲಿ ಮಾತ್ರ ಶ್ರೀನಿವಾಸ್ ಮುಂದೆ ಬರತ್ತೆ, ಯಾಕಂದ್ರೆ ಅಕಾರಾದಿ ಇರೋದು ಅಲ್ಲಿ ಮಾತ್ರ, ಅಡಿಟಿಪ್ಪಣಿನ ಯಾರೂ ಹೆಸರು ಹಿಡಿದು ಹುಡುಕಲ್ಲ. ನಿನ್ನೆ ಕೂತು ಅದೇ 1959ರ ಲೇಖನದಿಂದ ಶುರು ಮಾಡಿದೀನಿ.